ಮೀನುಗಾರಿಕೆ ರಜೆಯ ಎರಡು ತಿಂಗಳು ಮತ್ತು ನಮ್ಮ ಕುಟುಂಬದ ಭದ್ರತೆ

(ಉಡುಪಿಯ ಬನ್ನಂಜೆಯಲ್ಲಿ ಮಾಡಿದ ಭಾಷಣದ ಸಾರ)



ಅಸಂಘಟಿತ ಕಾರ್ಮಿಕರ ಸಾಮಾಜಿಕ ಭದ್ರತೆಗೆಂದು 2008ರಲ್ಲಿಯೇ ಕಾನೂನು ಬಂತು. ಆದರೂ ಮಲ್ಪೆಯ ಬೋಟುಗಳಲ್ಲಿ ದುಡಿಯುವವನಿಗೆ ಭವಿಷ್ಯನಿಧಿಯಿಲ್ಲ, ಇ.ಎಸ್.ಐ. ಇಲ್ಲ. ಸರಕಾರವನ್ನು ಪ್ರಶ್ನಿಸೋಣ, ಜೊತೆಗೆ ನಮ್ಮ ಮನೆಯ ಲೆಕ್ಕವನ್ನೂ ನೋಡೋಣ.

ಜೂನ್ 1ರಿಂದ ಜುಲೈ 31ರ ವರೆಗೆ ಯಾಂತ್ರೀಕೃತ ಮೀನುಗಾರಿಕೆಗೆ ನಿಷೇಧವಿದೆ. ಪ್ರತಿವರ್ಷ ನಿಗದಿತ ದಿನಾಂಕದಂದೇ ಬರುವ ಈ ರಜೆಯನ್ನು ಆಪತ್ತೆಂದು ಕರೆಯಲಾಗದು. ಸಮೃದ್ಧಿಯ ವರ್ಷಗಳಲ್ಲಿ ಧಾನ್ಯ ಕೂಡಿಟ್ಟ ಯೂಸುಫ್(ಅ)ರ ಕಥನ ನಮಗೆ ತಿಳಿದಿದೆ. ತಿಂಗಳಿಗೆ 22,000 ರೂ. ಗಳಿಸಿ 16,000 ಖರ್ಚು ಮಾಡುವ ಕುಟುಂಬವೊಂದನ್ನು ಉದಾಹರಣೆಗೆ ಊಹಿಸಿಕೊಳ್ಳಿ. ಉಳಿಯುವುದು 6,000. ಎರಡು ತಿಂಗಳ ಖರ್ಚು 32,000. ಹತ್ತು ತಿಂಗಳಿಗೆ ಹಂಚಿದರೆ ತಿಂಗಳಿಗೆ 3,200. ಇದನ್ನು ಮೊದಲು ಬದಿಗಿಡಬೇಕು. ಇಲ್ಲದಿದ್ದರೆ ಜೂನ್‌ನಲ್ಲಿ ಒಡವೆ ಗಿರವಿ ಅಂಗಡಿಗೆ ಹೋಗುತ್ತದೆ, ಬಡ್ಡಿ ಮನೆಗೆ ಬರುತ್ತದೆ.

ಇನ್ನುಳಿದ 2,800ರಲ್ಲಿ 1,600 ಆಪತ್ತಿನ ನಿಧಿಗೆ. ಮೂರು ವರ್ಷಗಳ ದುಡಿಮೆಯ 30 ತಿಂಗಳಲ್ಲಿ ಅದು 48,000 ಆಗುತ್ತದೆ, ಅಂದರೆ ಮೂರು ತಿಂಗಳ ಖರ್ಚು. ಮದುವೆಗಾಗಲಿ ಹಬ್ಬಕ್ಕಾಗಲಿ ಅದನ್ನು ಮುಟ್ಟಬಾರದು. ಆದರೆ ಒಂದು ಶಸ್ತ್ರಚಿಕಿತ್ಸೆಯೇ ಅದನ್ನು ನುಂಗಬಲ್ಲದು. ಆದ್ದರಿಂದ ಆಯುಷ್ಮಾನ್ ಕಾರ್ಡನ್ನು ಇಂದೇ ಮಾಡಿಸಿಕೊಳ್ಳಿ. ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂ.ವರೆಗೆ ಚಿಕಿತ್ಸೆಯಿದೆ. ಎ.ಪಿ.ಎಲ್. ಕುಟುಂಬಕ್ಕೆ ಸಿಗುವುದು ನಿಗದಿತ ದರದ ಶೇಕಡಾ 30 ಮಾತ್ರ, ಅದೂ 1.5 ಲಕ್ಷದ ಮಿತಿಯಲ್ಲಿ. ಉಳಿದುದನ್ನು ನಾವೇ ಭರಿಸಬೇಕು. ತುರ್ತು ಸಂದರ್ಭದ ಹೊರತು ಹಲವು ಚಿಕಿತ್ಸೆಗಳಿಗೆ ಸರಕಾರಿ ಆಸ್ಪತ್ರೆಯ ಶಿಫಾರಸು ಪತ್ರ ಬೇಕು. ಅದಿಲ್ಲದೆ ನೇರವಾಗಿ ಖಾಸಗಿ ಆಸ್ಪತ್ರೆಗೆ ದಾಖಲಾದವರು ಕಾರ್ಡಿದ್ದೂ ಬಿಲ್ಲು ಕಟ್ಟಬೇಕಾಗಬಹುದು. ಆಸ್ಪತ್ರೆಗಳ ರಿಯಾಯಿತಿ ಕಾರ್ಡು ಬಿಲ್ಲನ್ನು ಇಳಿಸುತ್ತದೆ, ಅಷ್ಟೆ, ಅದು ವಿಮೆಯಲ್ಲ.

ಕೊನೆಯ 1,200 ಮುಪ್ಪಿಗೆ. ಇಲ್ಲಿಯೇ ನಮ್ಮ ಸಮುದಾಯ ಎಡವಿರುವುದು. ಬಡ್ಡಿಯಿಂದ ದೂರವಿರಬೇಕೆಂಬ ಪ್ರಾಮಾಣಿಕ ಹಂಬಲವನ್ನೇ ಬಂಡವಾಳ ಮಾಡಿಕೊಂಡ ಬೆಂಗಳೂರಿನ ಐ.ಎಂ.ಎ. ಸಂಸ್ಥೆ 2019ರಲ್ಲಿ ಕುಸಿದು, ಸಾವಿರಾರು ಕುಟುಂಬಗಳ ಉಳಿತಾಯ ಮುಳುಗಿತು. ವ್ಯಾಪಾರದ ಪಾಲುದಾರಿಕೆಯಲ್ಲಿ ಲಾಭವೂ ಉಂಟು, ನಷ್ಟವೂ ಉಂಟು. ನಷ್ಟದ ಮಾತೇ ಎತ್ತದೆ ತಿಂಗಳು ತಿಂಗಳು ಲಾಭದ ಭರವಸೆ ನೀಡುವವನ ಬಾಯಲ್ಲಿ 'ಹಲಾಲ್' ಎಂಬ ಪದ ಕೇಳಿದೊಡನೆ ಎಚ್ಚರವಾಗಬೇಕು. ಅವನು ಸೆಬಿಯಲ್ಲಿ ನೋಂದಾಯಿತನೇ ಎಂದು ವಿಚಾರಿಸಿ. ಬಡ್ಡಿಯ ವಹಿವಾಟಿನ ಕಂಪೆನಿಗಳನ್ನು ದೂರವಿಡುವ ನೋಂದಾಯಿತ ಶೇರು ನಿಧಿಗಳಿವೆ; 1996ರಿಂದಿರುವ ಟಾಟಾ ಎಥಿಕಲ್ ಅಂಥದ್ದು. ಅದರ ಬೆಲೆ ಇಳಿಯುವುದೂ ಉಂಟು. ಆದುದರಿಂದ ಹತ್ತಾರು ವರ್ಷ ಮುಟ್ಟಬೇಕಾಗಿಲ್ಲದ ಹಣಕ್ಕೆ ಮಾತ್ರ ಅದು ತಕ್ಕುದು. ಆಪತ್ತಿನ ನಿಧಿಯನ್ನು ಅಲ್ಲಿಡಬಾರದು. ಅದು ಬ್ಯಾಂಕಿನಲ್ಲಿರಲಿ. ಒಂದು ಬ್ಯಾಂಕಿನಲ್ಲಿ ಒಬ್ಬರ 5 ಲಕ್ಷದವರೆಗಿನ ಠೇವಣಿಗೆ ವಿಮೆಯಿದೆ. ಖಾತೆಗೆ ಬೀಳುವ ಬಡ್ಡಿಯನ್ನು ಪುಣ್ಯದ ನಿರೀಕ್ಷೆಯಿಲ್ಲದೆ ಬಡವರಿಗೆ ಕೊಟ್ಟುಬಿಡಿ.

ಆಗಸ್ಟ್‌ನಲ್ಲಿ ಬೋಟು ಕಡಲಿಗಿಳಿದ ಮೊದಲ ತಿಂಗಳ ಗಳಿಕೆಯಿಂದಲೇ ಈ ಮೂರು ಪಾಲುಗಳು ಬೇರೆಯಾಗಲಿ.