ಶುಭಾಶಯ ಬೇಡ, ಇವತ್ತು ಆಶುರಾ

ನಾನು ರಾಯಚೂರು ಕಡೆಯವನು. ನಮ್ಮಲ್ಲಿ ಮೊಹರಂ ಅಂದ್ರೆ ಅಲಾಯಿ ಕುಣಿತ, ಹಬ್ಬ. ಹೈದರಾಬಾದ್‌ಗೆ ಬಂದ ವರ್ಷ ಶಿಯಾ ಗೆಳೆಯನಿಗೆ ಶುಭಾಶಯ ಕಳಿಸಿಬಿಟ್ಟೆ. "ನಮಗಿದು ಸಾವಿನ ಮನೆ" ಅಂದ.

ಕ್ರಿ.ಶ. 680ರಲ್ಲಿ, ಮೊಹರಂ ತಿಂಗಳ ಹತ್ತನೇ ದಿನ, ಪ್ರವಾದಿಯವರ ಮೊಮ್ಮಗ ಹುಸೇನ್ ಕರ್ಬಲಾದಲ್ಲಿ ಹತರಾದರು. ಅದಕ್ಕೂ ಮೊದಲು ಅವರ ಬಿಡಾರಕ್ಕೆ ಯೂಫ್ರೆಟಿಸ್ ನದಿಯ ನೀರು ಸಿಗದಂತೆ ತಡೆದಿದ್ದರು. ಈಗ ನೀವು ನೋಡ್ತಿರೋ ಸಬೀಲ್, ಅಂದ್ರೆ ದಾರಿಬದಿಯ ನೀರಿನ ಅರವಟ್ಟಿಗೆ, ಆ ಬಾಯಾರಿಕೆಯ ನೆನಪಿಗೆ. ಯಾರಿಗಾದರೂ ಕೊಡ್ತಾರೆ, ಕೊಟ್ಟರೆ ಕುಡೀರಿ.

ಕಪ್ಪು ಬಟ್ಟೆ ಶೋಕದ್ದು. ಎದೆ ಬಡಿದುಕೊಳ್ಳೋದಕ್ಕೆ ಮಾತಂ ಅಂತಾರೆ. ದಬೀರ್‌ಪುರದಿಂದ ಬೀಬಿ ಕಾ ಅಲಂ ಮೆರವಣಿಗೆ ಹೊರಡುತ್ತೆ.

ಮೊದಲು ರಕ್ತ ಸುರಿಯೋ ದೃಶ್ಯವನ್ನೂ ಸೇರಿಸಿದ್ದೆ. "ನೋಡಿದವರಿಗೆ ಅದೊಂದೇ ನೆನಪಿರುತ್ತೆ, ಹುಸೇನ್ ಅಲ್ಲ" ಅಂದ ಗೆಳೆಯ. ತೆಗೆದೆ. ಹಿನ್ನೆಲೆ ಸಂಗೀತವನ್ನೂ ತೆಗೆದೆ. ಈಗ ಕೇಳ್ತಿರೋದು ಬೀದಿಯ ಸದ್ದು ಮಾತ್ರ.