ಕಾರಿನ ದೀಪ, ಫೋನಿನ ಸುದ್ದಿ



ಕಾರಿನಲ್ಲಿ ಸ್ಟೇರಿಂಗ್ ಹಿಂದೆ ಸಣ್ಣ ದೀಪಗಳಿವೆ. ಈಗಿನ ಕೆಲವು ಕಾರುಗಳು ಫೋನಿಗೂ ಸುದ್ದಿ ಕಳಿಸ್ತವೆ. ದೀಪಕ್ಕಿಂತ ಮೊದಲೇ ಫೋನಿಗೆ ಸುದ್ದಿ ಬರೋದು ಹೇಗೆ? ನಾವು ಬ್ಯಾಟರಿಯನ್ನೇ ನೋಡೋಣ.

ಒಬ್ಬಾಕೆ ಕಾರು ನಿಲ್ಲಿಸಿ ಮದುವೆಗೆಂದು ಊರಿಗೆ ಹೋದಳು ಅನ್ನಿ. ಕಾರಿಗೆ ಆಮೇಲೆ ಹಾಕಿಸಿದ ಕ್ಯಾಮೆರಾ ಹಗಲೂ ರಾತ್ರಿ ಕರೆಂಟು ಎಳೀತಾನೇ ಇದೆ. ತುಂಬಿದ ಬ್ಯಾಟರಿ ಸುಮಾರು 12.6 ವೋಲ್ಟ್ ಇರತ್ತೆ. 12ಕ್ಕಿಂತ ಇಳಿದರೆ ಹೆಚ್ಚು ಕಡಿಮೆ ಖಾಲಿ. ಆದರೆ ಕೀಲಿ ತಿರುಗಿಸದೆ ದೀಪ ಹತ್ತೋದಿಲ್ಲ. ಹತ್ತಿದರೂ ನೋಡೋರು ಯಾರು? ಅಲ್ಲದೆ, ಬ್ಯಾಟರಿಯ ಕೆಂಪು ದೀಪ ಹೇಳೋದೇ ಬೇರೆ. ಎಂಜಿನ್ ಓಡುವಾಗ ಚಾರ್ಜ್ ಆಗ್ತಿಲ್ಲ ಅಂತ ಅದು ಹೇಳತ್ತೆ.

ಇಂಥ ಕಾರಿನೊಳಗೆ ಸಿಮ್ ಇರುವ ಪೆಟ್ಟಿಗೆಯೊಂದು ಇರತ್ತೆ. ಕೆಲವು ಕಾರುಗಳಲ್ಲಿ, ಕಾರು ನಿಂತಿದ್ದಾಗಲೂ ಅದು ಆಗಾಗ ಎದ್ದು ವೋಲ್ಟ್ ನೋಡತ್ತೆ. ಕಡಿಮೆಯಾದರೆ ಕಂಪನಿಯ ಕಂಪ್ಯೂಟರಿಗೆ ತಿಳಿಸತ್ತೆ. ಅಲ್ಲಿಂದ ಆಕೆಯ ಫೋನಿಗೆ ಬರತ್ತೆ. ಕೀಲಿ ಮನೆಯಲ್ಲಿದ್ದರೆ, ಮನೆಯವರಿಗೆ ಹೇಳಿ ಕ್ಯಾಮೆರಾದ ವೈರು ತೆಗೆಸಬಹುದು.

ನೆಲಮಾಳಿಗೆಯಲ್ಲಿ ಸಿಗ್ನಲ್ ಇಲ್ಲದಿದ್ದರೆ ಸುದ್ದಿ ಬರೋದಿಲ್ಲ. ಬ್ಯಾಟರಿ ತೀರಾ ಇಳಿದರೆ ಪೆಟ್ಟಿಗೆಯೂ ಮಲಗಿಬಿಡತ್ತೆ. ಇನ್ನು ಓಡಿಸುವಾಗ ಆಯಿಲ್‌ನ ಕೆಂಪು ದೀಪ ಹತ್ತಿದರೆ ಫೋನಿಗಾಗಿ ಕಾಯಬಾರದು. ಬದಿಗೆ ನಿಲ್ಲಿಸಿ ಎಂಜಿನ್ ಆರಿಸಬೇಕು.