ಭತ್ತ ಮುಗಿದ ತಿಂಗಳಲ್ಲಿ ಬರುವ ಕಂತು: ಸಾಲದ ಅರ್ಜಿಯಲ್ಲಿ ಡಿಎಸ್‌ಸಿಆರ್ ಓದುವ ಬಗೆ



ಈ ದತ್ತಿ ಉಪನ್ಯಾಸ ಯಾರ ಹೆಸರಿನಲ್ಲಿದೆಯೋ ಆ ಮೇಷ್ಟ್ರು ನಂಜನಗೂಡಿನಲ್ಲಿ ನನಗೆ ಲೆಕ್ಕಶಾಸ್ತ್ರ ಕಲಿಸಿದವರು. ಅಡಾವೆ ಪತ್ರಿಕೆಯ ಎರಡೂ ಬದಿ ಸರಿಹೊಂದಿತೆಂದು ನಾವು ಹಿಗ್ಗಿ ಪುಸ್ತಕ ಒಯ್ದರೆ, ಅವರು ಕನ್ನಡಕದ ಮೇಲಿಂದ ನೋಡಿ, "ಟ್ಯಾಲಿ ಆಯ್ತಪ್ಪ, ಸಂತೋಷ. ಈ ಲಾಭದ ದುಡ್ಡು ಈಗ ಎಲ್ಲಿದೆ, ತೋರಿಸು" ಅನ್ನುತ್ತಿದ್ದರು. ನಮ್ಮಲ್ಲಿ ಉತ್ತರ ಇರುತ್ತಿರಲಿಲ್ಲ. ಆಮೇಲೆ ಮೂರು ದಶಕ ಬ್ಯಾಂಕಿನಲ್ಲಿ ಕೂತು, ನಂಜನಗೂಡು ಮತ್ತು ತಿ. ನರಸೀಪುರದ ಸಾಲದ ಫೈಲುಗಳನ್ನು ನೋಡುವಾಗ ನಾನು ಕೇಳಿದ್ದೂ ಅದೇ ಪ್ರಶ್ನೆ. ಅವರ ಹೆಸರಿನ ಉಪನ್ಯಾಸಕ್ಕೆ ನನ್ನನ್ನು ಕರೆದದ್ದು ನನಗೆ ದೊಡ್ಡ ಗೌರವ.

ಮೂಲ ಪಾಠವನ್ನು ಬೇಗ ಮುಗಿಸಿಬಿಡುತ್ತೇನೆ, ಅದು ಯಾವ ಪಠ್ಯಪುಸ್ತಕದಲ್ಲೂ ಸಿಗುತ್ತದೆ. ತೆರಿಗೆ ಕಳೆದ ಲಾಭಕ್ಕೆ ಸವಕಳಿಯನ್ನೂ ಅವಧಿ ಸಾಲದ ಬಡ್ಡಿಯನ್ನೂ ಕೂಡಿಸಿ. ಬಂದ ಮೊತ್ತವನ್ನು ಆ ವರ್ಷ ಕಟ್ಟಬೇಕಾದ ಅಸಲು ಮತ್ತು ಬಡ್ಡಿಯ ಮೊತ್ತದಿಂದ ಭಾಗಿಸಿ. ಅದೇ ಡಿಎಸ್‌ಸಿಆರ್. ಸವಕಳಿ ಪುಸ್ತಕದ ಖರ್ಚೇ ಹೊರತು ಕೈಯಿಂದ ಹೋದ ದುಡ್ಡಲ್ಲ, ಆದ್ದರಿಂದ ಕೂಡಿಸುತ್ತೇವೆ. ಉತ್ತರ ಒಂದು ಬಂದರೆ ದುಡಿದದ್ದೆಲ್ಲ ಕಂತಿಗೇ ಸರಿಹೋಯಿತು. ಬ್ಯಾಂಕಿನಿಂದ ಬ್ಯಾಂಕಿಗೆ ನೀತಿ ಬೇರೆಯಾದರೂ, ಇಡೀ ಅವಧಿಯ ಸರಾಸರಿ 1.5ರ ಆಸುಪಾಸು, ಯಾವ ವರ್ಷವೂ 1.2ಕ್ಕಿಂತ ಕೆಳಗಿಲ್ಲ ಎನ್ನುವುದು ಸಾಮಾನ್ಯವಾಗಿ ಕೇಳುವ ಮಟ್ಟ.

ಈಗ ಒಂದು ಅಕ್ಕಿ ಗಿರಣಿ. ನಾನು ಕಂಡ ಹಲವು ಫೈಲುಗಳನ್ನು ಬೆರೆಸಿ ಕಟ್ಟಿದ ಉದಾಹರಣೆ ಇದು, ಯಾರ ಗಿರಣಿಯೂ ಅಲ್ಲ. ಗಂಟೆಗೆ 2 ಟನ್ ಭತ್ತ ಅರೆಯುವ ಯಂತ್ರ, ತಿ. ನರಸೀಪುರದ ಹತ್ತಿರದ ಜಾಗ, ಒಬ್ಬರೇ ಮಾಲೀಕರು. 1.20 ಕೋಟಿ ಅವಧಿ ಸಾಲ, ಬಡ್ಡಿ ಶೇ. 10. ಮೊದಲ ವರ್ಷ ಅಸಲಿಗೆ ರಜೆ, ಆಮೇಲೆ ಆರು ವರ್ಷ ತಲಾ 20 ಲಕ್ಷ ಅಸಲು. ಕಂತು ಶುರುವಾಗುವ ವರ್ಷ ಬಡ್ಡಿ ಸುಮಾರು 11 ಲಕ್ಷ. ಅಂದರೆ ಆ ವರ್ಷ ಕಟ್ಟಬೇಕಾದದ್ದು 31 ಲಕ್ಷ. ಪ್ರಾಜೆಕ್ಟ್ ರಿಪೋರ್ಟಿನ ಪ್ರಕಾರ ಅದೇ ವರ್ಷ ತೆರಿಗೆ ಕಳೆದ ಲಾಭ 18 ಲಕ್ಷ, ಸವಕಳಿ 18 ಲಕ್ಷ, ಜೊತೆಗೆ ಬಡ್ಡಿ 11, ಒಟ್ಟು 47 ಲಕ್ಷ. ಭಾಗಿಸಿದರೆ 1.52. ಮುಂದಿನ ವರ್ಷಗಳಲ್ಲಿ ಬಡ್ಡಿ ಕರಗುತ್ತಾ ಹೋಗಿ ಕೊನೆಯ ವರ್ಷ ಹತ್ತಿರ ಹತ್ತಿರ 2 ಆಗುತ್ತದೆ. ಸರಾಸರಿ 1.75. ಇಂಥ ಫೈಲು ಮೇಜಿನಿಂದ ಮೇಜಿಗೆ ತಡೆಯಿಲ್ಲದೆ ಹೋಗುತ್ತದೆ.

ಸರಾಸರಿಯನ್ನು ನಾನು ನೋಡುವುದೇ ಇಲ್ಲ. ಏಳನೇ ವರ್ಷದ 2 ಎರಡನೇ ವರ್ಷದ ಕಂತನ್ನು ಕಟ್ಟಿಕೊಡುವುದಿಲ್ಲ. ಗಿರಣಿ ಕೆಡುವುದಾದರೆ ಶುರುವಿನಲ್ಲೇ ಕೆಡುತ್ತದೆ. ಹಾಗಾಗಿ ನನ್ನ ಬೆರಳು ನಿಲ್ಲುವುದು 1.52ರ ಮೇಲೆ.

ಈ 47 ಲಕ್ಷದೊಳಗೆ ಮಾಲೀಕರ ಮನೆ ಖರ್ಚು ಎಲ್ಲಿದೆ? ಕಂಪನಿಯಾದರೆ ನಿರ್ದೇಶಕರ ಸಂಬಳ ಖರ್ಚಿನಲ್ಲೇ ಬಂದಿರುತ್ತದೆ. ಒಬ್ಬರೇ ಮಾಲೀಕರಾದರೆ ಅವರು ಗಲ್ಲಾಪೆಟ್ಟಿಗೆಯಿಂದ ತೆಗೆದದ್ದು ಲಾಭ-ನಷ್ಟ ಪತ್ರಿಕೆಗೆ ಬರುವುದೇ ಇಲ್ಲ, ನೇರವಾಗಿ ಬಂಡವಾಳ ಖಾತೆಯಲ್ಲಿ ಕಳೆಯುತ್ತದೆ. ಮಕ್ಕಳ ಫೀಸು, ತಾಯಿಯ ಔಷಧಿ, ಮನೆಯ ದಿನಸಿ ಎಲ್ಲ ಸೇರಿ ತಿಂಗಳಿಗೆ ಐವತ್ತು ಸಾವಿರ ಅಂದುಕೊಂಡರೂ ವರ್ಷಕ್ಕೆ 6 ಲಕ್ಷ. ಉಳಿದದ್ದು 41 ಲಕ್ಷ, ಅನುಪಾತ 1.32.

ಇಲ್ಲಿ ನನ್ನ ಹಿರಿಯ ಸಹೋದ್ಯೋಗಿಗಳೊಬ್ಬರ ವಾದವನ್ನು ಹೇಳದೆ ಹೋದರೆ ಅನ್ಯಾಯ. "ಸೂತ್ರದಲ್ಲಿ ಮನೆ ಖರ್ಚು ಇಲ್ಲ, ನೀವ್ಯಾಕೆ ತುರುಕುತ್ತೀರಿ? ಆತನಿಗೆ ಗದ್ದೆಯಿದೆ, ಮನೆ ಅದರಲ್ಲಿ ನಡೆಯುತ್ತೆ" ಎಂದು ಅವರು ಪಟ್ಟು ಹಿಡಿಯುತ್ತಿದ್ದರು. ಗದ್ದೆಯಿದ್ದರೆ ಒಳ್ಳೆಯದೇ, ಅದರ ಆದಾಯವನ್ನು ತೋರಿಸಿ, ನಾನೂ ಮೇಲಿನ ಮೊತ್ತಕ್ಕೆ ಸೇರಿಸುತ್ತೇನೆ. ಆದರೆ ಒಂದೇ ಗದ್ದೆಯನ್ನು ಮನೆ ಖರ್ಚಿಗೆ ಒಮ್ಮೆ, ಅಡಮಾನಕ್ಕೆ ಇನ್ನೊಮ್ಮೆ, ಬೆಳೆ ಸಾಲಕ್ಕೆ ಮತ್ತೊಮ್ಮೆ ಲೆಕ್ಕಕ್ಕೆ ತಂದರೆ ಹೇಗೆ? ಅಡಮಾನದ ಮಾತು ಬಂತಲ್ಲ, ಅದನ್ನೂ ಹೇಳಿಬಿಡುತ್ತೇನೆ. ವಸೂಲಿಗೆ ಬ್ಯಾಂಕುಗಳು ನೆಚ್ಚುವ 2002ರ ಸರ್ಫೇಸಿ ಕಾಯ್ದೆ ಕೃಷಿ ಜಮೀನಿನ ಅಡಮಾನಕ್ಕೆ ಅನ್ವಯಿಸುವುದಿಲ್ಲ. "ಡಿಎಸ್‌ಸಿಆರ್ ಕಮ್ಮಿಯಾದರೇನು, ನಾಲೆ ಬಯಲಿನ ಜಮೀನಿದೆ" ಅನ್ನುವವರು ಈ ಕಾಯ್ದೆಯ 31ನೇ ಕಲಮನ್ನು ಒಮ್ಮೆ ಓದಬೇಕು.

ಎರಡನೆಯ ಕಡಿತ ಇನ್ನೂ ಸೂಕ್ಷ್ಮ. ಗಿರಣಿ ಹೆಚ್ಚು ಅರೆಯುತ್ತೆ ಅಂದರೆ ಹೆಚ್ಚು ಭತ್ತ ಕೊಂಡು ದಾಸ್ತಾನು ಇಡಬೇಕು. ಅದಕ್ಕೆ ಸಿಸಿ ಲಿಮಿಟ್ ಕೊಡುತ್ತೇವೆ, ಆದರೆ ಕಾಲು ಭಾಗ ಮಾರ್ಜಿನ್ ಮಾಲೀಕರದೇ. ಆ ವರ್ಷ ದಾಸ್ತಾನು 32 ಲಕ್ಷ ಹೆಚ್ಚಿದರೆ 8 ಲಕ್ಷ ಅವರ ಕೈಯಿಂದ ಬರಬೇಕು. ಕೈ ಅಂದರೆ ಇದೇ ಲಾಭ. ಮೇಷ್ಟ್ರ ಪ್ರಶ್ನೆಗೆ ಉತ್ತರ ಇಲ್ಲಿದೆ: ಲಾಭದ ದುಡ್ಡು ಗೋದಾಮಿನಲ್ಲಿ ಚೀಲದೊಳಗೆ ಕೂತಿದೆ. 41ರಲ್ಲಿ 8 ಹೋದರೆ 33. ಕಟ್ಟಬೇಕಾದದ್ದು 31. ಅನುಪಾತ 1.06.

ಯಾರೂ ಸುಳ್ಳು ಬರೆದಿಲ್ಲ ನೋಡಿ. ರಿಪೋರ್ಟು ಬರೆದವರ 1.52 ಸರಿಯೇ, ನನ್ನ 1.06 ಕೂಡ ಸರಿಯೇ.

ಬಡ್ಡಿ ದರದ ಬಗ್ಗೆ ಒಂದು ಮಾತು. 2019ರ ಅಕ್ಟೋಬರ್‌ನಿಂದ ಸಣ್ಣ ಉದ್ದಿಮೆಗಳ ಹೊಸ ಚರ ಬಡ್ಡಿ ಸಾಲಗಳನ್ನು ರೆಪೋದಂಥ ಹೊರಗಿನ ದರಕ್ಕೆ ಕಟ್ಟಿದ್ದಾರೆ. 2022ರ ಮೇ ತಿಂಗಳಿಂದ 2023ರ ಫೆಬ್ರವರಿಯೊಳಗೆ ರೆಪೋ ಶೇ. 4ರಿಂದ 6.5ಕ್ಕೆ ಏರಿತು. ನಮ್ಮ ಗಿರಣಿಗೆ ಅಷ್ಟೇ ಏರಿಕೆ ಬಿದ್ದರೆ ಬಡ್ಡಿ 11 ಲಕ್ಷದಿಂದ ಸುಮಾರು 13.75 ಲಕ್ಷವಾಗುತ್ತದೆ. ಬಡ್ಡಿ ಏರಿದಷ್ಟೂ ಲಾಭ ಇಳಿಯುವುದರಿಂದ ಮೇಲಿನ 33 ಹೆಚ್ಚುಕಮ್ಮಿ ಹಾಗೆಯೇ ನಿಲ್ಲುತ್ತದೆ, ಕೆಳಗಿನ 31 ಮಾತ್ರ 33.75 ಆಗುತ್ತದೆ. ಅನುಪಾತ ಒಂದರ ಕೆಳಗೆ ಜಾರಿತು. ಸಿಸಿ ಸಾಲದ ಬಡ್ಡಿಯೂ ಏರಿರುತ್ತದೆ, ಅದನ್ನು ನಾನಿಲ್ಲಿ ಹಿಡಿದೇ ಇಲ್ಲ.

ಇನ್ನು ನನ್ನ ಹಳೆಯ ಜಗಳಕ್ಕೆ ಬರುತ್ತೇನೆ. ಮೇಷ್ಟ್ರು ಇದ್ದಿದ್ದರೆ "ಇದನ್ನು ಹೇಳೋಕೇ ನೀನು ಬಂದದ್ದು" ಅಂತ ನಗುತ್ತಿದ್ದರು.

ಡಿಎಸ್‌ಸಿಆರ್ ವರ್ಷದ ಲೆಕ್ಕ, ಕಂತು ತಿಂಗಳಿನದು. ನಂಜನಗೂಡಿನ ಕೈಗಾರಿಕಾ ಪ್ರದೇಶದಲ್ಲಿ ಒಬ್ಬರು ದೊಡ್ಡ ಕಾರ್ಖಾನೆಗೆ ರಟ್ಟಿನ ಪೆಟ್ಟಿಗೆ ಮಾಡಿಕೊಡುತ್ತಾರೆ ಅನ್ನಿ. ಅವರ ಬಿಲ್ಲು ತಿಂಗಳಿಗೊಮ್ಮೆ ಹೋಗುತ್ತದೆ, ದುಡ್ಡು ತಡವಾದರೂ ತಿಂಗಳಿಗೊಮ್ಮೆ ಬರುತ್ತದೆ. ಅಲ್ಲಿ ವರ್ಷದ 1.3 ಅಂದರೆ ಹೆಚ್ಚುಕಡಿಮೆ ಪ್ರತಿ ತಿಂಗಳೂ 1.3. ಗಿರಣಿಯ ಕಥೆ ಹಾಗಲ್ಲ. ನಾಲೆಗೆ ನೀರು ಬಿಟ್ಟ ಮೇಲೆ ನಾಟಿ, ಡಿಸೆಂಬರ್-ಜನವರಿಗೆ ಕೊಯ್ಲು. ಆಗ ಗಿರಣಿ ಹಗಲೂ ರಾತ್ರಿ ಓಡುತ್ತದೆ. ಆಗಸ್ಟ್ ಹೊತ್ತಿಗೆ ಗೋದಾಮಿನ ನೆಲ ಕಾಣುತ್ತದೆ. ಅಲ್ಲಿಂದ ನವೆಂಬರ್‌ವರೆಗೆ ಅರೆ ಹೊತ್ತಿನ ಕೆಲಸ. ಕರೆಂಟಿನ ನಿಗದಿತ ಶುಲ್ಕ ನಿಲ್ಲುವುದಿಲ್ಲ, ಮೇಸ್ತ್ರಿಯ ಸಂಬಳ ನಿಲ್ಲುವುದಿಲ್ಲ, 31 ಲಕ್ಷವನ್ನು ಹನ್ನೆರಡರಿಂದ ಭಾಗಿಸಿದ ಸುಮಾರು 2.58 ಲಕ್ಷದ ಕಂತೂ ನಿಲ್ಲುವುದಿಲ್ಲ.

ಆಗಸ್ಟ್ 31ರ ಕಂತು ನಿಂತಿತು ಅನ್ನಿ. ಬಾಕಿ 90 ದಿನ ದಾಟಿದರೆ ಖಾತೆ ಎನ್‌ಪಿಎ. ಎಣಿಸಿ ನೋಡಿ, ನವೆಂಬರ್ 29ಕ್ಕೆ 90 ದಿನ ತುಂಬುತ್ತದೆ. ಗಿರಣಿಗೆ ಹೊಸ ಭತ್ತದ ಗಾಡಿಗಳು ಬರುವ ಹೊತ್ತಿಗೆ ಸರಿಯಾಗಿ ಅದರ ಸಿಸಿ ಲಿಮಿಟ್ ನಿಲ್ಲುತ್ತದೆ. ಭತ್ತ ಕೊಳ್ಳಲು ದುಡ್ಡಿಲ್ಲ, ಭತ್ತವಿಲ್ಲದೆ ಕಂತಿಲ್ಲ. ವರ್ಷದ ಲೆಕ್ಕದಲ್ಲಿ ಒಂದಕ್ಕಿಂತ ಮೇಲಿದ್ದ ಖಾತೆ ಹೀಗೆ ಸತ್ತದ್ದನ್ನು ನಾನು ಕಂಡಿದ್ದೇನೆ. ಅದಕ್ಕೆ ಶಿಫಾರಸು ಬರೆದ ಕೈ ನನ್ನದೇ.

ಆಮೇಲೆ ನಾನು ಮಾಡತೊಡಗಿದ್ದು ಇಷ್ಟೆ: ಅಸಲಿನ 20 ಲಕ್ಷವನ್ನು ಜನವರಿಯಿಂದ ಜುಲೈವರೆಗಿನ ಏಳು ತಿಂಗಳಿಗೆ ಹೆಚ್ಚಾಗಿ ಹಂಚಿ, ಆಗಸ್ಟ್‌ನಿಂದ ನವೆಂಬರ್‌ವರೆಗೆ ಬಡ್ಡಿ ಮಾತ್ರ ಇಡುವುದು. ವರ್ಷದ ಡಿಎಸ್‌ಸಿಆರ್ ಹೆಚ್ಚುಕಡಿಮೆ ಮೊದಲಿನಷ್ಟೇ. ಆದರೆ ಬರಿಗೈ ತಿಂಗಳಲ್ಲಿ ಕಟ್ಟಬೇಕಾದದ್ದು 2.58 ಲಕ್ಷದ ಬದಲು ಒಂದು ಲಕ್ಷದ ಒಳಗೆ.

ಇದಕ್ಕೆ ಎರಡು ಆಕ್ಷೇಪಣೆ ಕೇಳಿದ್ದೇನೆ. ಸಮ ಕಂತು ಸಾಲಗಾರನಿಗೆ ಶಿಸ್ತು ಕಲಿಸುತ್ತದೆ ಎನ್ನುವುದು ಒಂದು. ಇಲ್ಲದ ದುಡ್ಡಿಗೆ ಶಿಸ್ತು ಕಲಿಸುವ ವಿದ್ಯೆ ನನಗೆ ಗೊತ್ತಿಲ್ಲ. ಆತ ಅಕ್ಟೋಬರ್‌ನಲ್ಲಿ ಕೈಸಾಲ ತಂದು ಕಂತು ಕಟ್ಟುತ್ತಾನೆ, ಆ ಬಡ್ಡಿ ಯಾವ ಪುಸ್ತಕದಲ್ಲೂ ಇರುವುದಿಲ್ಲ. ಬೆಳೆ ಸಾಲಕ್ಕೆ ಸುಗ್ಗಿ ನೋಡಿ ಗಡುವು ಇಡುವ ಅದೇ ಬ್ಯಾಂಕು, ಅದೇ ಬೆಳೆಯನ್ನು ಅರೆಯುವವನಿಗೆ ಸುಗ್ಗಿಯೇ ಇಲ್ಲ ಅನ್ನುವುದು ಯಾವ ನ್ಯಾಯ? ಎರಡನೆಯ ಆಕ್ಷೇಪಣೆಗೆ ತೂಕವಿದೆ. ಒಳ್ಳೆಯ ತಿಂಗಳಲ್ಲಿ ದೊಡ್ಡ ಕಂತು ಕೇಳಿದರೆ, ಭತ್ತ ಅಗ್ಗವಾಗಿ ಸಿಗುವಾಗಲೇ ಕೊಳ್ಳುವ ದುಡ್ಡು ಬ್ಯಾಂಕಿಗೆ ಹೋಗುತ್ತದೆ ಎನ್ನುತ್ತಾರೆ. ನಿಜ. ಅದಕ್ಕೇ ಜನವರಿಯಲ್ಲಿ ಕಂತನ್ನು ಚಿಕ್ಕದಾಗಿಟ್ಟು, ಅಕ್ಕಿ ಮಾರಾಟವಾದ ಹಾಗೆ ಮಾರ್ಚ್‌ನಿಂದ ದೊಡ್ಡದು ಮಾಡುತ್ತೇನೆ. 2023ರಂತೆ ಮುಂಗಾರು ಕೈಕೊಟ್ಟು ನಾಲೆಯ ನೀರಿಗೇ ತತ್ವಾರವಾದ ವರ್ಷ ಮಾತ್ರ ಈ ಹಂಚಿಕೆಯೂ ಉಳಿಸುವುದಿಲ್ಲ. ಮುಗಿಯುವ ತಿಂಗಳು ಆಗಸ್ಟಿನ ಬದಲು ಏಪ್ರಿಲ್ ಆಗುತ್ತದೆ.

ಕೊನೆಯದಾಗಿ, 18 ಲಕ್ಷ ಲಾಭ ಎಂದು ಬರೆದದ್ದನ್ನು ನಂಬುವುದು ಹೇಗೆ? ನಾನು ಗಿರಣಿಗೆ ಹೋಗಿ ಎರಡು ವಿಷಯ ನೋಡುತ್ತೇನೆ. ಹಳೆಯ ಗಿರಣಿಯ ವಿಸ್ತರಣೆಯಾದರೆ ಚೆಸ್ಕಾಂ ಬಿಲ್ಲುಗಳು: ಹನ್ನೆರಡು ತಿಂಗಳ ಯೂನಿಟ್ಟುಗಳನ್ನು ಸಾಲಾಗಿ ಬರೆದರೆ ಯಂತ್ರ ಯಾವ ತಿಂಗಳು ಎಷ್ಟು ಓಡಿತೆಂದು ತಾನೇ ಹೇಳುತ್ತದೆ. ಎರಡನೆಯದು ಇಳುವರಿ. ದಿನಕ್ಕೆ ಆರು ಗಂಟೆ, 300 ದಿನ ಅಂದರೆ ವರ್ಷಕ್ಕೆ 3,600 ಟನ್ ಭತ್ತ. ಸರ್ಕಾರ ಅರೆಸುವ ಭತ್ತಕ್ಕೆ ಕೇಳುವ ಅಕ್ಕಿ ನೂರಕ್ಕೆ 67, ಕುಸುಬಲಾದರೆ 68. ಅದರಲ್ಲೂ ಇಂತಿಷ್ಟು ನುಚ್ಚಿಗೆ ಅವಕಾಶವಿದೆ. ರಿಪೋರ್ಟಿನಲ್ಲಿ ಅಷ್ಟನ್ನೂ ಇಡೀ ಅಕ್ಕಿಯ ಬೆಲೆಗೆ ಹಾಕಿರುತ್ತಾರೆ. ಅದರಲ್ಲಿ ಒಂದೇ ಒಂದು ಪಾಲು, 36 ಟನ್, ನುಚ್ಚಾಗಿ ಬಿದ್ದಿತು ಅನ್ನಿ. ಅಕ್ಕಿಗೆ ಕೆಜಿಗೆ 40 ರೂಪಾಯಿ, ನುಚ್ಚಿಗೆ 22 ಹಿಡಿದರೆ ಹೋದದ್ದು ಸುಮಾರು ಆರೂವರೆ ಲಕ್ಷ. ನಮ್ಮ ಬಳಿ 33ಕ್ಕೂ 31ಕ್ಕೂ ನಡುವೆ ಉಳಿದಿದ್ದದ್ದು ಎರಡು ಲಕ್ಷ.

ಹಾಗಾಗಿ ಗಿರಣಿಯಲ್ಲಿ ನಾನು ಮೊದಲು ಕಚೇರಿಯ ಕುರ್ಚಿಗೆ ಹೋಗುವುದಿಲ್ಲ. ಪಾಲಿಷ್ ಯಂತ್ರದ ಬಾಯಿಗೆ ಬೊಗಸೆ ಒಡ್ಡುತ್ತೇನೆ. ಬಿಸಿ ಬಿಸಿ ಅಕ್ಕಿ ಬೀಳುತ್ತದೆ. ಬೆರಳಲ್ಲಿ ಹರಡಿ, ಇಡೀ ಕಾಳು ಎಷ್ಟು, ಒಡೆದದ್ದು ಎಷ್ಟು ನೋಡುತ್ತೇನೆ. ಮಾಲೀಕರು ಆಗ ನನ್ನ ಕೈ ನೋಡುತ್ತಿರುವುದಿಲ್ಲ, ಮುಖ ನೋಡುತ್ತಿರುತ್ತಾರೆ.